ಜರ್ಮನಿಯ ಸೂಪರ್‌ಮಾರ್ಕೆಟ್ ಸಾಮಾನಿನಲ್ಲಿ ಮನೆಯಂಥ ಸಾರು

ಪ್ರಶ್ನೆ: ಮಾಸ್ಟರ್ಸ್ ಓದಲು ಜರ್ಮನಿಯ ಚಿಕ್ಕ ಊರಿಗೆ ಬಂದಿದ್ದೇನೆ. ಹತ್ತಿರ ಇಂಡಿಯನ್ ಅಂಗಡಿ ಇಲ್ಲ. ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಇಲ್ಲದೆ ಮನೆಯಂಥ ಸಾರು ಮಾಡೋದು ಹೇಗೆ? ಕುಕ್ಕರ್, ಮಿಕ್ಸಿ ಕೂಡ ಇಲ್ಲ.

ಮೊದಲು ಬೇಳೆ. ಅಲ್ಲಿ ಎಲ್ಲೆಡೆ ಸಿಗುವುದು ಕೆಂಪು ಮಸೂರ್ ಬೇಳೆ, ಅಂದರೆ 'ರೋಟೆ ಲಿನ್ಸೆನ್'. ಬೇಗ ಬೇಯುತ್ತದೆ, ಆದರೆ ಅದೊಂದನ್ನೇ ಹಾಕಿದರೆ ಸಾರು ಗಂಜಿಯಂತಾಗುತ್ತದೆ, ತೊಗರಿಯ ಘಮ ಬರುವುದಿಲ್ಲ. ಪಕ್ಕದಲ್ಲೇ ಹಳದಿ ಬಟಾಣಿ ಬೇಳೆ ಇರುತ್ತದೆ, 'ಗೆಲ್ಬೆ ಶೇಲ್‌ಎರ್ಬ್ಸೆನ್' ಎಂದು. ಇಬ್ಬರಿಗೆ ಅದು 60 ಗ್ರಾಂ, ಮಸೂರ್ 20 ಗ್ರಾಂ ತೆಗೆದುಕೊಳ್ಳಿ. ತೊಗರಿಗೆ ಸಾಕಷ್ಟು ಹತ್ತಿರ ಬರುವುದು ಈ ಜೋಡಿಯೇ.

ಬಟಾಣಿ ಬೇಳೆಯನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸದಾಗಿ 600 ಮಿಲಿ ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಅರ್ಧ ಗಂಟೆ ಆದಮೇಲೆ ಮಸೂರ್ ಸೇರಿಸಿ ಇನ್ನೊಂದು 20 ನಿಮಿಷ. ಬೆರಳಲ್ಲಿ ಹಿಸುಕಿದಾಗ ನಡುವೆ ಗಟ್ಟಿ ಸಿಗಬಾರದು. ಒಂದು ಗಂಟೆಯಾದರೂ ಬೇಯದಿದ್ದರೆ ಬಹುಶಃ ತಪ್ಪು ನೀರಿನದು. ಜರ್ಮನಿಯ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಗಡಸು, ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಕಿಂಗ್ ಸಾಮಾನಿನ ಸಾಲಿನಲ್ಲಿ 'ನಾಟ್ರೋನ್' ಎಂಬ ಅಡುಗೆ ಸೋಡಾ ಸಿಗುತ್ತದೆ. ಚಿಟಿಕೆಯಷ್ಟೇ ಹಾಕಿ, ಜಾಸ್ತಿಯಾದರೆ ಸೋಪಿನ ವಾಸನೆ ಬರುತ್ತದೆ. ಟೊಮೇಟೊ, ಹುಳಿಯನ್ನಂತೂ ಬೇಳೆ ಬೆಂದ ಮೇಲೆಯೇ ಸೇರಿಸಬೇಕು. ಹುಳಿ ಬಿದ್ದ ಬೇಳೆ ಆಮೇಲೆ ಬೇಯುವುದಿಲ್ಲ.

ಬ್ಯಾಡಗಿಗೆ ಬದಲಿ ಸುಲಭವಾಗಿ ಸಿಗುತ್ತದೆ. ಬ್ಯಾಡಗಿಯ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. 'ಪಾಪ್ರಿಕಾ ಏಡೆಲ್‌ಸ್ಯೂಸ್' ಎಂಬ ಸಿಹಿ ಮೆಣಸಿನ ಪುಡಿಯೂ ಹಾಗೇ. ಎರಡು ಟೀ ಚಮಚ ಅದು, ಕಾಲು ಟೀ ಚಮಚ ಖಾರದ ಪುಡಿ ಸಾಕು. ಹೊಗೆ ಹಾಕಿದ ಪಾಪ್ರಿಕಾ ಮಾತ್ರ ಬೇಡ, ಇಡೀ ಸಾರಿಗೆ ಹೊಗೆ ಹಿಡಿಯುತ್ತದೆ.

ಪುಡಿಗೆ ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು, ಹತ್ತು ಕಾಳು ಮೆಂತ್ಯ. ಎಲ್ಲರೂ ಎಡವುವುದು ಜೀರಿಗೆಯಲ್ಲಿ. ನಿಮಗೆ ಬೇಕಾದ್ದು 'ಕ್ರೊಯ್ಟ್ಸ್‌ಕ್ಯುಮ್ಮೆಲ್'. ಬರೀ 'ಕ್ಯುಮ್ಮೆಲ್' ಎಂದಿದ್ದರೆ ಅದು ಬ್ರೆಡ್ಡಿಗೆ ಹಾಕುವ ಶಾಹಿ ಜೀರಿಗೆಯ ಜಾತಿ. ನೋಡಲು ಜೀರಿಗೆಯಂತೆಯೇ ಇರುತ್ತದೆ, ಸಾರಿಗೆ ಬಿದ್ದರೆ ಕೆಟ್ಟಿತು. ಇವನ್ನೆಲ್ಲ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಆರಿಸಿ, ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಜಿನ ಬಾಟಲಿ ಉರುಳಿಸಿ ಪುಡಿ ಮಾಡಿ. ತರಿತರಿಯಾದರೂ ಪರವಾಗಿಲ್ಲ. ಪಾಪ್ರಿಕಾ ಪುಡಿಯನ್ನು ಹುರಿಯಬೇಡಿ. ಅದರಲ್ಲಿ ಸಕ್ಕರೆ ಅಂಶ ಹೆಚ್ಚು, ಕ್ಷಣದಲ್ಲಿ ಸೀದು ಕಹಿಯಾಗುತ್ತದೆ.

ಚಳಿಗಾಲದ ಅಲ್ಲಿನ ಟೊಮೇಟೊ ಸಪ್ಪೆ. ಡಬ್ಬಿಯಲ್ಲಿ ಬರುವ ಹೆಚ್ಚಿದ ಟೊಮೇಟೊ ಎಷ್ಟೋ ವಾಸಿ. 200 ಗ್ರಾಂ ಟೊಮೇಟೊಗೆ ಒಂದು ಲೋಟ ನೀರು, ಉಪ್ಪು, ಪಾಪ್ರಿಕಾ, ಖಾರದ ಪುಡಿ, ಮಾಡಿಟ್ಟ ಪುಡಿಯಲ್ಲಿ ಅರ್ಧ ಹಾಕಿ ಹಸಿ ವಾಸನೆ ಹೋಗುವವರೆಗೆ ಹತ್ತು ನಿಮಿಷ ಕುದಿಸಿ. ಆಮೇಲೆ ಕಡೆದ ಬೇಳೆ, ಒಂದು ಟೀ ಚಮಚ ಕಂದು ಕಬ್ಬಿನ ಸಕ್ಕರೆ. ಮತ್ತೆ ನೊರೆ ಎದ್ದು ಮೇಲೆ ಬಂದ ಕೂಡಲೇ ಇಳಿಸಿ, ಜಾಸ್ತಿ ಕುದಿಸಿದರೆ ಘಮ ಹೋಗುತ್ತದೆ. ಹುಣಸೆ ಇಲ್ಲವಾದರೆ ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಮನೆಯ ರುಚಿ ಬರುವುದು ತುಪ್ಪದಿಂದ. 'ಬುಟ್ಟರ್‌ಶ್ಮಾಲ್ಟ್ಸ್' ಎಂದು ಸಿಗುವುದೂ ಕಾಸಿದ ಬೆಣ್ಣೆಯೇ, ಆದರೆ ಹಾಲಿನ ಗಸಿ ಕೆಂಪಾಗದೆಯೇ ತೆಗೆದದ್ದು, ಹಾಗಾಗಿ ಘಮವಿಲ್ಲ. 'ಸೌವರ್‌ರಾಮ್‌ಬುಟ್ಟರ್' 250 ಗ್ರಾಂ ಕೊಳ್ಳಿ. ಅದು ಹುಳಿಯಾದ ಕೆನೆಯಿಂದ ತೆಗೆದದ್ದು, ಮೊಸರು ಕಡೆದು ತೆಗೆದ ನಮ್ಮ ಬೆಣ್ಣೆಗೆ ತೀರಾ ಹತ್ತಿರ. ಸಣ್ಣ ಉರಿಯಲ್ಲಿ ಕಾಸಿ. ಚಟಪಟ ಸದ್ದು ನಿಂತು ತಳದ ಗಸಿ ಹೊಂಬಣ್ಣಕ್ಕೆ ಬಂದಾಗ ಪಾತ್ರೆಯನ್ನು ಒಲೆಯಿಂದ ಪೂರ್ತಿ ಸರಿಸಿ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಬಿಸಿ ಇರುತ್ತದೆ, ಅಲ್ಲೇ ಬಿಟ್ಟರೆ ಕಪ್ಪಾಗುತ್ತದೆ. ಒಗ್ಗರಣೆಗೂ ಇದೇ ಎಚ್ಚರ ಬೇಕು. ಹಳದಿ ಸಾಸಿವೆ ಸಿಡಿದರೂ ಘಾಟು ಕಡಿಮೆ, ಇಂಗಿಲ್ಲದಿದ್ದರೆ ಜಜ್ಜಿದ ಒಂದೆರಡು ಎಸಳು ಬೆಳ್ಳುಳ್ಳಿ ಹಾಕಿ.

ಕರಿಬೇವಿಗೆ ಬದಲಿ ಇಲ್ಲ. ಬೇ ಲೀಫ್, ನಿಂಬೆ ಸಿಪ್ಪೆ ಎಂದೆಲ್ಲ ಹೇಳುವವರಿದ್ದಾರೆ, ಆ ರುಚಿಯೇ ಬೇರೆ. ಬದಲಿಗೆ ಕೊನೆಯಲ್ಲಿ ಕೊತ್ತಂಬರಿ ಸೊಪ್ಪು ಧಾರಾಳವಾಗಿ ಹಾಕಿ. ದೊಡ್ಡ ಊರಿಗೆ ಹೋದಾಗ ಏಷ್ಯನ್ ಅಂಗಡಿಯಲ್ಲಿ ತಾಜಾ ಕರಿಬೇವು ಸಿಕ್ಕರೆ, ತೊಳೆದು ನೀರು ಪೂರ್ತಿ ಒರೆಸಿ ಫ್ರೀಜರ್‌ನಲ್ಲಿಡಿ, ಕರಗಿಸದೆ ನೇರ ಒಗ್ಗರಣೆಗೆ ಹಾಕಿ. ಊರಿಂದ ಬರುವಾಗ ಬ್ಯಾಗಿನಲ್ಲಿ ಹಸಿ ಎಲೆ ತರಬೇಡಿ: 2019ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದೊಳಗೆ ಹಸಿ ಸೊಪ್ಪು ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತುಪ್ಪವನ್ನೂ ತರುವಂತಿಲ್ಲ. ಇಂಗು, ಮೆಂತ್ಯ, ಸಾರಿನ ಪುಡಿಗೆ ಜಾಗ ಮಾಡಿಕೊಳ್ಳಿ.