ನರ ನೋಡಿದರೆ ಬೆಳ್ಳಿ, ಬಟ್ಟೆ ಹಿಡಿದರೆ ಚಿನ್ನ!

ಪ್ರಶ್ನೆ: ನನ್ನದು ಎಣ್ಣೆಗೆಂಪು ಮೈಬಣ್ಣ. ನನಗೆ ಚಿನ್ನದ ಒಡವೆ ಒಪ್ಪುತ್ತಾ, ಬೆಳ್ಳಿಯದಾ ಅಂತ ತಿಳಿಯೋಕೆ ಎರಡು ಪರೀಕ್ಷೆ ಮಾಡಿದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಮಣಿಕಟ್ಟಿನ ನರ ನೋಡಿದೆ, ನೀಲಿ ಇತ್ತು. ಹಾಗಾದ್ರೆ ಬೆಳ್ಳಿ ಅಲ್ವಾ? ಬೆಳಿಗ್ಗೆ ಹೊಸ ಬಿಳಿ ಶರ್ಟ್ ಕತ್ತಿನ ಕೆಳಗೆ ಹಿಡಿದರೆ ಮುಖ ಹಳದಿ ಕಾಣಿಸ್ತು, ಅಂದ್ರೆ ಚಿನ್ನ. ಈಗ ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಮೊದಲನೆಯದು ಬೆಳಕಿನಿಂದ ಕೆಟ್ಟಿರಬಹುದು, ಎರಡನೆಯದು ಶರ್ಟಿನಿಂದ.

ನಾವು ನರ ಅನ್ನೋದು ನಿಜಕ್ಕೂ ರಕ್ತನಾಳ. ಅದರೊಳಗಿನ ರಕ್ತ ಕಡುಗೆಂಪು, ನೀಲಿಯೂ ಅಲ್ಲ ಹಸಿರೂ ಅಲ್ಲ. ಬೆಳಕು ಚರ್ಮದೊಳಗೆ ಹೋಗಿ ಚದುರಿ ವಾಪಸ್ ಬರುವಾಗ ನಾಳದ ಜಾಗದಿಂದ ಕೆಂಪು ಕಡಿಮೆ ಬರುತ್ತದೆ, ಹಾಗಾಗಿ ಸುತ್ತಲಿನ ಚರ್ಮದ ಪಕ್ಕದಲ್ಲಿ ಅದು ನೀಲಿ ಅನಿಸುತ್ತದೆ. ಮೇಲಿನ ಚರ್ಮದಲ್ಲಿ ಹಳದಿ ಛಾಯೆ ಜಾಸ್ತಿ ಇದ್ದರೆ ಅದೇ ನೀಲಿ ಹಸಿರಿಗೆ ತಿರುಗುತ್ತದೆ. ಹಸಿರು ನರಕ್ಕೆ ಚಿನ್ನ, ನೀಲಿ ನರಕ್ಕೆ ಬೆಳ್ಳಿ ಅನ್ನೋ ಲೆಕ್ಕ ಹುಟ್ಟಿದ್ದು ಇಲ್ಲಿಂದಲೇ. ಆದರೆ ನಾಳ ಎಷ್ಟು ಆಳದಲ್ಲಿದೆ, ಎಷ್ಟು ದಪ್ಪ ಇದೆ ಅನ್ನೋದೂ ಬಣ್ಣವನ್ನು ಬದಲಿಸುತ್ತದೆ. ಒಂದೇ ಕೈಯಲ್ಲಿ ಒಂದು ನೀಲಿ, ಪಕ್ಕದ್ದು ಹಸಿರು ಕಾಣೋದು ತೀರಾ ಸಾಮಾನ್ಯ. ಮೈಬಣ್ಣ ಗಾಢವಾದಷ್ಟೂ ನಾಳ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ಎಣ್ಣೆಗೆಂಪು, ಕಪ್ಪು ಬಣ್ಣದವರಿಗೆ ಈ ಪರೀಕ್ಷೆಯನ್ನು ನಾನು ಸುಳಿವು ಅಂತ ಮಾತ್ರ ತಗೊಳ್ಳುತ್ತೇನೆ, ತೀರ್ಪು ಅಂತ ಅಲ್ಲ. ನೀಲಿ ಛಾಯೆಯ ಟ್ಯೂಬ್‌ಲೈಟ್ ಕೆಳಗಂತೂ ಯಾರ ನರವಾದರೂ ಒಂದಿಷ್ಟು ನೀಲಿಯೇ.

ಇನ್ನು ಶರ್ಟ್. ಹೊಸ ಬಿಳಿ ಬಟ್ಟೆಗೆ ಫಳಫಳ ಅನ್ನಲಿ ಅಂತ ಹೊಳಪುಕಾರಕ ಹಾಕಿರುತ್ತಾರೆ, ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲೂ ಅದು ಇರುತ್ತದೆ. ಹಗಲು ಬೆಳಕಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಅದು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಅಂದರೆ ನೀವು ಹಿಡಿದದ್ದು ಬಿಳಿ ಅಲ್ಲ, ನಸುನೀಲಿ. ಅದರ ಪಕ್ಕ ಯಾರ ಮುಖ ಇಟ್ಟರೂ ಹಳದಿ ಅನಿಸುತ್ತದೆ, ಪಾಪ ಮುಖದ ತಪ್ಪೇನೂ ಇಲ್ಲ.

ಹಾಗಾಗಿ ಒಂದಲ್ಲ, ಎರಡು ಬಟ್ಟೆ ಬೇಕು. ಒಂದು ಆ ಹೊಳೆಯುವ ಬಿಳಿ ಶರ್ಟೇ ಇರಲಿ, ಇನ್ನೊಂದು ಬ್ಲೀಚ್ ಮಾಡದ ಹತ್ತಿಯ ಕೆನೆಬಿಳಿ. ಮುಖ ತೊಳೆದು ಮೇಕಪ್ಪಿಲ್ಲದೆ ಇಪ್ಪತ್ತು ನಿಮಿಷ ಸುಮ್ನೆ ಕೂತಿರಿ, ಉಜ್ಜಿದ ಕೆಂಪು ಇಳಿಯಲಿ. ಕೂದಲು ಹಿಂದಕ್ಕೆ ಕಟ್ಟಿ, ಬಣ್ಣ ಹಚ್ಚಿದ ಕೂದಲಾದರೆ ಪೂರ್ತಿ ಮುಚ್ಚಿ. ಹಗಲಲ್ಲಿ ಕಿಟಕಿಗೆ ಎದುರಾಗಿ ನಿಲ್ಲಿ, ನೇರ ಬಿಸಿಲು ಬೇಡ, ಪಕ್ಕದಲ್ಲಿ ಗಾಢ ಬಣ್ಣದ ಗೋಡೆಯೂ ಬೇಡ. ಈಗ ಕನ್ನಡಿ ನೋಡುತ್ತಾ ಎರಡು ಬಟ್ಟೆಯನ್ನೂ ಒಂದಾದ ಮೇಲೊಂದು ಗಲ್ಲದ ಕೆಳಗೆ ಹಿಡಿಯಿರಿ. ಬಟ್ಟೆ ನೋಡಬೇಡಿ, ಮುಖ ಹಳದಿಯೋ ಗುಲಾಬಿಯೋ ಅಂತಲೂ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಸುತ್ತಲಿನ ನೆರಳು, ಇವೆರಡು ಯಾವ ಬಟ್ಟೆಗೆ ಕಡಿಮೆಯಾಗುತ್ತವೆ ಅಂತ ಮಾತ್ರ ನೋಡಿ. ಕೆನೆಬಿಳಿಗೆ ಕಡಿಮೆಯಾದರೆ ಚಿನ್ನದ ಕಡೆ, ಹೊಳೆಯುವ ಬಿಳಿಗೆ ಕಡಿಮೆಯಾದರೆ ಬೆಳ್ಳಿಯ ಕಡೆ. ಫೋನಿನಲ್ಲಿ ಫೋಟೊ ತೆಗೆದು ಹೋಲಿಸಬೇಡಿ, ಬಟ್ಟೆ ಬದಲಾದಾಗ ಕ್ಯಾಮೆರಾ ತಾನಾಗಿಯೇ ಬಣ್ಣ ಸರಿಮಾಡಿ ನಿಮಗೆ ಬೇಕಾದ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ.

ನನ್ನ ತಂಗಿಯದೂ ನಿಮ್ಮಂಥದ್ದೇ ಬಣ್ಣ. ಅವಳ ಮಣಿಕಟ್ಟಿನಲ್ಲಿ ಒಂದು ನೀಲಿ, ಒಂದು ಹಸಿರು, ಅಲ್ಲಿಂದ ಏನೂ ತಿಳಿಯಲಿಲ್ಲ. ಹೊಳೆಯುವ ಬಿಳಿಗೆ ಕಣ್ಣಿನ ಕೆಳಗೆ ಎರಡು ರಾತ್ರಿ ನಿದ್ದೆಗೆಟ್ಟವಳ ಹಾಗೆ ಕಂಡಳು, ಕೆನೆಬಿಳಿಗೆ ಮುಖ ಸಮವಾಯಿತು. ಖಾತ್ರಿಗೆ ಒಂದು ಕಿವಿಗೆ ಚಿನ್ನದ ಓಲೆ, ಇನ್ನೊಂದಕ್ಕೆ ಬೆಳ್ಳಿಯದು ಹಾಕಿಸಿ, ಅರ್ಧ ಮುಖಕ್ಕೆ ಕಾಗದ ಅಡ್ಡ ಹಿಡಿದು ಒಂದೊಂದೇ ಬದಿ ನೋಡಿದೆವು. ಬೆಳ್ಳಿಯ ಬದಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಓಲೆ, ಚಿನ್ನದ ಬದಿಯಲ್ಲಿ ಅವಳ ಮುಖ. ಆದರೆ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿ ಹಾಕಿದಾಗ ಆ ತೊಂದರೆಯೇ ಇರಲಿಲ್ಲ, ಅದರಲ್ಲಿ ಬಿಳಿ ಹೊಳಪು ಕಡಿಮೆ ನೋಡಿ. ಹಾಗಾಗಿ ಫಲಿತಾಂಶ ಚಿನ್ನ ಅಂತ ಬಂದರೂ ಇರುವ ಬೆಳ್ಳಿಯನ್ನು ಯಾರಿಗೂ ಕೊಟ್ಟುಬಿಡಬೇಡಿ.

ಎರಡು ಬಟ್ಟೆಗೂ ಮುಖದಲ್ಲಿ ಏನೂ ಬದಲಾಗಲಿಲ್ಲವಾ? ಹಾಗಾದರೆ ನಿಮ್ಮದು ನಡುವಿನ ಛಾಯೆ, ಯಾವುದು ಹಾಕಿದರೂ ನಡೆಯುತ್ತದೆ. ಮುಖ ಬಿಸಿಲಿಗೆ ಕಂದಿದ್ದರೆ ಮಾತ್ರ ಅದು ಇಳಿದ ಮೇಲೆ ಇನ್ನೊಂದು ಸಲ ನೋಡಿ.