‘ಎಷ್ಟರ ಮಟ್ಟಿಗೆ’ ಎಂದು ಕೇಳಿದರೆ ಏನನ್ನು ಅಳೆಯಬೇಕು?

ಮಾನ್ಯ ಸಂಪಾದಕರೇ,

ನಾನು ಸಾಹಿತ್ಯದ ಪದವಿ ವಿದ್ಯಾರ್ಥಿನಿ. ‘ಮ್ಯಾಕ್‌ಬೆತ್‌ನ ಪತನಕ್ಕೆ ಮಾಟಗಾತಿಯರೇ ಕಾರಣ ಎಂಬ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂಬ ಪ್ರಶ್ನೆಗೆ ಅರ್ಧ ಪರವಾಗಿ, ಅರ್ಧ ವಿರೋಧವಾಗಿ ಬರೆದು, ಕೊನೆಗೆ ‘ಎರಡೂ ಕಡೆ ಸತ್ಯವಿದೆ’ ಎಂದು ಮುಗಿಸಿದೆ. ಶೇಕ್ಸ್‌ಪಿಯರ್‌ನ ಆ ನಾಟಕದ ವಿವರ ಒಂದೂ ತಪ್ಪಿರಲಿಲ್ಲ. ಆದರೂ ‘ಪ್ರಶ್ನೆಗೆ ಉತ್ತರ ಬಂದಿಲ್ಲ’ ಎಂದು ಷರಾ ಬರೆದಿದ್ದಾರೆ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಟು ವಾಟ್ ಎಕ್ಸ್‌ಟೆಂಟ್’ ಎಂದೂ ‘ಹೌ ಫಾರ್’ ಎಂದೂ ಬರುತ್ತದೆ. ಇವೆರಡೂ ಒಂದೇನಾ? ‘ಪೂರ್ತಿ ಒಪ್ಪುತ್ತೇನೆ’ ಎಂದು ಬರೆದರೆ ತಪ್ಪೇ?

– ಓದುಗರೊಬ್ಬರು

ಪ್ರಿಯ ಓದುಗರೇ,

ಸುಲಭದ್ದನ್ನು ಮೊದಲು ಮುಗಿಸೋಣ. ಆ ಎರಡು ಮಾತುಗಳ ನಡುವೆ ಪರೀಕ್ಷೆಯ ಮಟ್ಟಿಗೆ ವ್ಯತ್ಯಾಸವಿಲ್ಲ. ಎರಡೂ ಒಂದು ಹೇಳಿಕೆಯನ್ನು ನಿಮ್ಮ ಮುಂದಿಟ್ಟು, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿಂದಾಚೆ ನಿಲ್ಲುವುದಿಲ್ಲ ಎಂದು ಕೇಳುತ್ತವೆ. ಕೇಳುತ್ತಿರುವುದು ಒಂದು ಗಡಿಯನ್ನು. ನಿಮ್ಮ ಉತ್ತರದಲ್ಲಿ ಗಡಿಯ ಈಚೆಗೂ ಆಚೆಗೂ ಬೇಕಾದಷ್ಟು ಸಾಮಗ್ರಿ ಇತ್ತು ಅನಿಸುತ್ತದೆ. ಗಡಿ ಎಲ್ಲಿದೆ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಷರಾ ಕಟುವಾಗಿದೆ ನಿಜ, ಆದರೆ ಅನ್ಯಾಯವೇನಲ್ಲ.

ಟಿಪ್ಪಣಿ ಹಾಕಿಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇಲ್ಲಿದೆ. ಪ್ರಶ್ನೆಯಿಂದ ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ’ ಎಂಬ ಭಾಗವನ್ನು ಬೆರಳಿನಿಂದ ಮುಚ್ಚಿ. ಉಳಿಯುವುದು ‘ಮ್ಯಾಕ್‌ಬೆತ್‌ನ ಪತನಕ್ಕೆ ಮಾಟಗಾತಿಯರೇ ಕಾರಣ’. ಇದು ಯಾರೋ ಹೇಳಿದ ಮಾತು. ಅವರು ಎಲ್ಲಿ ಅತಿಯಾಗಿ ಹೇಳಿದ್ದಾರೆ ಎಂದು ಹುಡುಕಿ. ಇಲ್ಲಿ ಅದು ‘ಮಾಟಗಾತಿಯರೇ’ ಎಂಬಲ್ಲಿನ ‘ಏ’. ಅವರೂ ಒಂದು ಕಾರಣ ಎಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಪ್ರಶ್ನೆ ಸಿದ್ಧಪಡಿಸುವವರು ಇಂಥ ಒಂದು ಬಿಗಿ ಪದವನ್ನು ಬೇಕೆಂದೇ ಇಡುತ್ತಾರೆ: ‘ಸಂಪೂರ್ಣವಾಗಿ’, ‘ಕೇವಲ’, ‘ಬಲಿಪಶು’, ‘ಖಳ’, ‘ಮುಖ್ಯವಾಗಿ’. ಅಳತೆ ನಡೆಯಬೇಕಾದದ್ದು ಅಲ್ಲಿ.

ಆಮೇಲೆ ನೋಡಬೇಕಾದದ್ದು ಅಳೆಯಲು ಕೊಟ್ಟಿರುವ ವಸ್ತುವನ್ನು. ಹೆಚ್ಚಿನವರು ಇದನ್ನು ಹಾರಿಸಿ ಹೋಗುತ್ತಾರೆ, ನನ್ನ ಪ್ರಕಾರ ಅಂಕ ಇರುವುದೂ ಇಲ್ಲೇ. ‘ಪತನ’ ಎಂದರೆ ಈ ನಾಟಕದಲ್ಲಿ ಏನು? ನಿಷ್ಠಾವಂತ ಸೇನಾನಿಯೊಬ್ಬ ಕೊಲೆಗಾರನಾದದ್ದೇ? ಅಥವಾ ರಾಜನಾದವನು ಕೊನೆಗೆ ಯುದ್ಧದಲ್ಲಿ ಸೋತು ತಲೆ ಕಳೆದುಕೊಂಡದ್ದೇ? ಮೊದಲನೆಯದು ನೈತಿಕ ಪತನ, ಎರಡನೆಯದು ಅಧಿಕಾರದ ಪತನ. ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ ಎಂದು ಮೊದಲೇ ಅಂದುಕೊಂಡರೆ ಯೋಜನೆ ಅಲ್ಲೇ ಕೆಡುತ್ತದೆ. ಬಿಡಿಸಿ ನೋಡೋಣ.

ನೈತಿಕ ಪತನವನ್ನು ತೆಗೆದುಕೊಳ್ಳಿ. ಮೊದಲ ಅಂಕದ ಮೂರನೇ ದೃಶ್ಯದಲ್ಲಿ ಮಾಟಗಾತಿಯರು ಅವನನ್ನು ಕಾಡರ್‌ನ ಒಡೆಯ, ಮುಂದೆ ರಾಜನಾಗುವವನು ಎಂದು ಕರೆಯುತ್ತಾರೆ. ರಾಜ ಡಂಕನ್‌ನನ್ನು ಕೊಲ್ಲು ಎಂದು ಅವರು ಎಲ್ಲೂ ಹೇಳುವುದಿಲ್ಲ. ಕಾಡರ್ ಪದವಿ ಬಂದ ಸುದ್ದಿ ಕೇಳಿದೊಡನೆ ಕೊಲೆಯ ಯೋಚನೆ ಹುಟ್ಟುವುದು ಮ್ಯಾಕ್‌ಬೆತ್‌ನ ತಲೆಯಲ್ಲಿ. ಪಕ್ಕದಲ್ಲೇ ಜೊತೆಯ ಸೇನಾನಿ ಬ್ಯಾಂಕೋ ನಿಂತಿದ್ದಾನೆ. ನಿನ್ನ ಸಂತತಿ ರಾಜರಾಗುತ್ತಾರೆ ಎಂಬ ಭವಿಷ್ಯವನ್ನು ಅವನೂ ಅದೇ ಬಾಯಿಗಳಿಂದ ಕೇಳಿದ್ದಾನೆ. ಅವನಲ್ಲೂ ಆಸೆ ಮೊಳೆಯುತ್ತದೆ, ಆದರೆ ಅವನು ಕತ್ತಿ ಎತ್ತುವುದಿಲ್ಲ. ಬದಲಿಗೆ, ಕತ್ತಲ ಶಕ್ತಿಗಳು ಸಣ್ಣ ಸತ್ಯಗಳಿಂದ ನಂಬಿಸಿ ದೊಡ್ಡದರಲ್ಲಿ ಮೋಸ ಮಾಡುತ್ತವೆ ಎಂದು ಗೆಳೆಯನನ್ನು ಎಚ್ಚರಿಸುತ್ತಾನೆ. ಒಂದೇ ಮಾತು ಇಬ್ಬರ ಕಿವಿಗೆ ಬಿದ್ದು ಒಬ್ಬನು ಮಾತ್ರ ಕೊಲೆಗಾರನಾದನೆಂದರೆ ವ್ಯತ್ಯಾಸ ಮಾತಿನಲ್ಲಿಲ್ಲ. ಏಳನೇ ದೃಶ್ಯದಲ್ಲಿ ಈ ಕೆಲಸ ಇಲ್ಲಿಗೇ ಬಿಡೋಣ ಎಂದು ಮ್ಯಾಕ್‌ಬೆತ್ ಹಿಂದೆ ಸರಿಯುತ್ತಾನೆ. ಮತ್ತೆ ಒಪ್ಪಿಸುವವಳು ಹೆಂಡತಿ, ಮಾಟಗಾತಿಯರಲ್ಲ.

ಮೂರನೇ ಅಂಕ ಇನ್ನೂ ಸ್ವಾರಸ್ಯಕರ. ಬ್ಯಾಂಕೋನನ್ನೂ ಅವನ ಮಗನನ್ನೂ ಕೊಲ್ಲಿಸಲು ಮ್ಯಾಕ್‌ಬೆತ್ ಹಂತಕರನ್ನು ಕಳಿಸುವುದು ಭವಿಷ್ಯವಾಣಿಯನ್ನು ನಂಬಿ, ಅದನ್ನೇ ಸುಳ್ಳು ಮಾಡಲು. ಈ ಕೊಲೆ ಅವನದೇ ಯೋಜನೆ. ಹೆಂಡತಿಗೂ ತಿಳಿಸುವುದಿಲ್ಲ.

ಅಧಿಕಾರದ ಪತನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ನಾಲ್ಕನೇ ಅಂಕದಲ್ಲಿ ಅವನೇ ಮಾಟಗಾತಿಯರನ್ನು ಹುಡುಕಿಕೊಂಡು ಹೋಗುತ್ತಾನೆ. ಹೆಣ್ಣಿಗೆ ಹುಟ್ಟಿದ ಯಾರೂ ನಿನಗೆ ಕೇಡು ಮಾಡಲಾರರು, ಬರ್ನಮ್ ಕಾಡು ಡನ್ಸಿನೇನ್ ಬೆಟ್ಟಕ್ಕೆ ಏರಿ ಬರುವವರೆಗೆ ನಿನಗೆ ಸೋಲಿಲ್ಲ ಎಂದು ಅಲ್ಲಿ ಮೂಡುವ ಮಾಯಾರೂಪಗಳು ಹೇಳುತ್ತವೆ. ಇಲ್ಲಿ ಅವನನ್ನು ನೇರವಾಗಿ ದಾರಿ ತಪ್ಪಿಸುತ್ತಾರೆ. ಕೊನೆಯ ಅಂಕದಲ್ಲಿ ಅವನ ಧೈರ್ಯವೆಲ್ಲ ಈ ಎರಡು ಮಾತುಗಳ ಮೇಲೆ ನಿಂತಿದೆ. ಸೈನಿಕರು ಕಡಿದ ಕೊಂಬೆಗಳನ್ನು ಹಿಡಿದು ಬರುವುದನ್ನು ಕಂಡ ದೂತ ಕಾಡೇ ನಡೆದು ಬರುತ್ತಿದೆ ಎಂದಾಗ ಒಂದು ಮಾತು ಕುಸಿಯುತ್ತದೆ. ಮುತ್ತಿಗೆಯನ್ನು ತಡೆಯಬಲ್ಲ ಕೋಟೆಯನ್ನು ಬಿಟ್ಟು ಅವನು ಹೊರಗೆ ಬರುತ್ತಾನೆ. ತಾನು ಸಹಜವಾಗಿ ಹುಟ್ಟಿದವನಲ್ಲ, ತಾಯಿಯ ಹೊಟ್ಟೆ ಸೀಳಿ ತೆಗೆದವನು ಎಂದು ಶತ್ರುಪಕ್ಷದ ಮ್ಯಾಕ್‌ಡಫ್ ಹೇಳಿದಾಗ ಇನ್ನೊಂದೂ ಕುಸಿಯುತ್ತದೆ, ಮ್ಯಾಕ್‌ಬೆತ್‌ನ ಕೆಚ್ಚೂ ಉಡುಗುತ್ತದೆ. ಹಾಗೆಂದು ಇಲ್ಲೂ ಪೂರ್ತಿ ಹೊಣೆಯನ್ನು ಮಾಟಗಾತಿಯರ ಮೇಲೆ ಹಾಕಲಾಗದು. ಅವನ ಕ್ರೌರ್ಯಕ್ಕೆ ಬೇಸತ್ತ ಸಾಮಂತರು ಆಗಲೇ ಶತ್ರುಪಕ್ಷ ಸೇರಿಯಾಗಿದೆ.

ಈಗ ತೀರ್ಪಿನ ವಾಕ್ಯ ತಾನಾಗಿ ಬರುತ್ತದೆ: ‘ಮ್ಯಾಕ್‌ಬೆತ್ ಕೊಲೆಗಾರನಾದದ್ದರಲ್ಲಿ ಮಾಟಗಾತಿಯರ ಪಾಲು ಸಣ್ಣದು, ಕೊಲೆಗಾರನಾದ ಮೇಲೆ ಮೈಮರೆತು ಸೋತದ್ದರಲ್ಲಿ ದೊಡ್ಡದು, ಆದರೆ ಆ ಸೋಲಿಗೂ ಅವನ ಕ್ರೌರ್ಯ ಮೊದಲೇ ದಾರಿ ಮಾಡಿತ್ತು.’ ಇದನ್ನು ಉತ್ತರಪತ್ರಿಕೆಯ ಹಿಂದಿನ ಪುಟದಲ್ಲಿ ಬರೆದುಕೊಂಡ ಮೇಲೆಯೇ ಟಿಪ್ಪಣಿ ಶುರುವಾಗಲಿ. ನಿಮಗೆ ಬೇರೆ ತೀರ್ಪು ತೋಚಬಹುದು, ತೋಚಲಿ. ಗಡಿ ಇಂಥಲ್ಲಿದೆ, ಇಂಥ ಕಾರಣಕ್ಕೆ ಎಂದು ಅದು ಹೇಳಿದರೆ ಸಾಕು. ‘ಬಹುಮಟ್ಟಿಗೆ ಒಪ್ಪುತ್ತೇನೆ’ ಎಂಬುದು ಮಾತ್ರ ತೀರ್ಪಲ್ಲ. ‘ಶೇಕಡಾ 70ರಷ್ಟು ಒಪ್ಪುತ್ತೇನೆ’ ಎಂದು ಬರೆಯುವವರೂ ಇದ್ದಾರೆ. ಉಳಿದ 30 ಯಾವುದು ಎಂದು ಹೇಳದಿದ್ದರೆ ಆ ಲೆಕ್ಕದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಗಡಿ ಯಾವಾಗಲೂ ಪದದ ಎರಡು ಅರ್ಥಗಳ ನಡುವೆಯೇ ಸಿಗಬೇಕೆಂದಿಲ್ಲ. ಒಮ್ಮೊಮ್ಮೆ ಅದು ಕಾಲದಲ್ಲಿರುತ್ತದೆ: ಲೇಡಿ ಮ್ಯಾಕ್‌ಬೆತ್ ಗಂಡನನ್ನು ಆಳುತ್ತಾಳೆ ಎಂಬ ಮಾತು ಎರಡನೇ ಅಂಕದವರೆಗೆ ಬಹುತೇಕ ನಿಜ, ಮೂರನೆಯದರಿಂದ ಸುಳ್ಳು. ಒಮ್ಮೊಮ್ಮೆ ಹೇಳಿಕೆಯೊಳಗೇ ಎರಡು ಹೇಳಿಕೆಗಳು ಅಡಗಿರುತ್ತವೆ. ‘ಅವಳು ತನ್ನ ಮಹತ್ವಾಕಾಂಕ್ಷೆಗೇ ಬಲಿಯಾದಳು’ ಎಂದರೆ ಅವಳು ಬಲಿಪಶು ಎಂಬುದು ಒಂದು, ಬಲಿ ತೆಗೆದುಕೊಂಡದ್ದು ಅವಳದೇ ಆಸೆ ಎಂಬುದು ಇನ್ನೊಂದು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬಹುದು. ಸಾಮಾನ್ಯವಾಗಿ ಒಳ್ಳೆಯ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಪದದ ಬಗ್ಗೆ ಎಚ್ಚರವಿರಲಿ. ‘ಮಾಟಗಾತಿಯರು ಎಷ್ಟರ ಮಟ್ಟಿಗೆ ಕಾರಣ’ ಎಂದು ಕೇಳುವುದು ಬೇರೆ, ‘ಶೇಕ್ಸ್‌ಪಿಯರ್ ಅವರನ್ನು ಎಷ್ಟರ ಮಟ್ಟಿಗೆ ಕಾರಣವಾಗಿ ಚಿತ್ರಿಸುತ್ತಾನೆ’ ಎಂದು ಕೇಳುವುದು ಬೇರೆ. ಎರಡನೆಯದರಲ್ಲಿ ಅಳತೆಗೆ ಸಿಗುವುದು ನಾಟಕಕಾರನ ಕೆಲಸ: ನಾಟಕವನ್ನೇ ಅವರ ದೃಶ್ಯದಿಂದ ಯಾಕೆ ಶುರು ಮಾಡಿದ, ಅವರಿಗೆ ಯಾಕೆ ಬೇರೆಯೇ ಲಯದ ಪ್ರಾಸಬದ್ಧ ಮಾತು ಕೊಟ್ಟ, ಮ್ಯಾಕ್‌ಬೆತ್‌ನ ಮೊದಲ ಮಾತಿನಲ್ಲೇ ಅವರ ಮಾತಿನ ಪ್ರತಿಧ್ವನಿ ಯಾಕೆ ಕೇಳಿಸುತ್ತದೆ. ಆ ಕೊನೆಯ ಪ್ರಶ್ನೆಯನ್ನೇ ಹಿಡಿದರೆ ನಾನು ಮೇಲೆ ಕೊಟ್ಟ ತೀರ್ಪೂ ಸ್ವಲ್ಪ ಅಲುಗಾಡುತ್ತದೆ. ಮಾಟಗಾತಿಯರನ್ನು ಭೇಟಿಯಾಗುವ ಮೊದಲೇ ಅವನು ಅವರ ಧಾಟಿಯಲ್ಲಿ ಮಾತಾಡುತ್ತಿದ್ದಾನೆ. ಅವರ ಪ್ರಭಾವ ಆಗಲೇ ಹಬ್ಬಿದೆ ಎಂದೂ ಓದಬಹುದು, ಅವರು ಹೇಳುವುದಕ್ಕೆ ಅವನ ಮನಸ್ಸು ಮೊದಲೇ ಹದವಾಗಿತ್ತು ಎಂದೂ ಓದಬಹುದು.

ಬರೆಯಲು ಕೂರುವ ಮೊದಲು ಯೋಜನೆಯನ್ನು ಪರೀಕ್ಷಿಸಲು ಒಂದು ದಾರಿಯಿದೆ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಕೆಳಗೊಂದು ಬರೆಯಿರಿ, ಆಮೇಲೆ ಅವುಗಳ ಕ್ರಮವನ್ನು ಮನಸ್ಸಿನಲ್ಲೇ ಅದಲುಬದಲು ಮಾಡಿ. ಏನೂ ಕೆಡದಿದ್ದರೆ ಅದು ಕಾರಣಗಳ ಪಟ್ಟಿ. ಮಾಟಗಾತಿಯರು, ಹೆಂಡತಿ, ಮಹತ್ವಾಕಾಂಕ್ಷೆ ಎಂದು ಮೂರು ಪ್ಯಾರಾ ಬರೆದವರ ಗತಿ ಇದೇ. ಮೇಲಿನ ತೀರ್ಪಿನಿಂದ ಹೊರಟರೆ ಕ್ರಮ ಬದಲಿಸಲಾಗದು: ಹೇಳಿಕೆಗೆ ಬಲ ಕೊಡುವ ಕೊನೆಯ ಅಂಕವನ್ನು ಮೊದಲು ಒಪ್ಪಿಕೊಂಡು, ಅಲ್ಲಿಂದ ಮೊದಲ ಅಂಕಕ್ಕೆ ಹಿಂದಿರುಗಿ ಅದರ ಮಿತಿ ತೋರಿಸಿ, ಮೂರನೆಯದರಲ್ಲಿ ಆ ಮಿತಿಯನ್ನು ಗಟ್ಟಿ ಮಾಡಬೇಕು. ಕಥೆಯ ಕ್ರಮವನ್ನು ತಿರುಗಿಸುವುದರಿಂದ ಕಥೆ ಹೇಳುತ್ತಾ ಕೂರುವ ಚಟವೂ ತಪ್ಪುತ್ತದೆ.

ಪೂರ್ತಿ ಒಪ್ಪುವ ವಿಚಾರ. ಒಪ್ಪಬಹುದು, ಪೂರ್ತಿ ತಳ್ಳಿಹಾಕಲೂಬಹುದು; ಪ್ರಶ್ನೆ ಅದನ್ನು ಎಲ್ಲೂ ತಡೆಯುವುದಿಲ್ಲ. ಆದರೆ ಹಾಗೆ ಬರೆಯುವವರು ಎದುರಿನ ವಾದದ ಅತಿ ಬಲವಾದ ಸಾಕ್ಷಿಯನ್ನು ತಾವೇ ಎತ್ತಿಕೊಂಡು, ಅದೂ ತಮ್ಮ ಕಡೆಗೇ ಸಾಕ್ಷಿ ಹೇಳುತ್ತದೆ ಎಂದು ತೋರಿಸಬೇಕು. ಈ ಪ್ರಶ್ನೆಯಲ್ಲಿ ಪೂರ್ತಿ ಒಪ್ಪುವವರು ಎದುರಿಸಬೇಕಾದದ್ದು ಬ್ಯಾಂಕೋನನ್ನು. ಅವನು ಯಾಕೆ ಕೊಲ್ಲಲಿಲ್ಲ ಎಂಬುದಕ್ಕೆ, ಮಾಟಗಾತಿಯರ ಶಕ್ತಿಗೆ ಧಕ್ಕೆ ಬಾರದಂಥ ಉತ್ತರವೊಂದು ನಿಮ್ಮಲ್ಲಿದ್ದರೆ ಧೈರ್ಯವಾಗಿ ಬರೆಯಿರಿ. ಅವನಿಗೆ ಹೇಳಿದ ಭವಿಷ್ಯದಲ್ಲಿ ಕಿರೀಟ ಅವನ ಮಕ್ಕಳಿಗಿತ್ತೇ ಹೊರತು ಅವನಿಗಲ್ಲ, ಆದ್ದರಿಂದ ಅವನಿಗೆ ಒಡ್ಡಿದ ಆಮಿಷವೇ ಬೇರೆ ಎಂಬುದು ಅಂಥ ಒಂದು ಉತ್ತರ. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಮೌಲ್ಯಮಾಪಕನಾಗಿದ್ದರೆ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ.

– ಸಂಪಾದಕ