ತಾಳೆಗರಿ, ತಾಮ್ರಪಟ, ಶಾಸನದ ಕಲ್ಲು: ಫೋಟೋದಲ್ಲಿ ಗುರುತಿಸುವುದು ಹೇಗೆ, ಇಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಹಳೇ ವಸ್ತುಗಳ ಪಟ್ಟಿ ಮಾಡ್ತಿದ್ದೀವಿ. ಜನ ವಾಟ್ಸಾಪಲ್ಲಿ ಫೋಟೋ ಕಳಿಸ್ತಾರೆ. ಯಾವುದು ತಾಳೆಗರಿ, ಯಾವುದು ತಾಮ್ರಪಟ ಅಂತ ಫೋಟೋದಲ್ಲೇ ಗೊತ್ತಾಗುತ್ತಾ? ಕಲ್ಲಿನ ಶಾಸನವೂ ಇದೆ. ಒಂದೊಂದಕ್ಕೂ ಏನೇನು ಬರೆದಿಡಬೇಕು? ತೊಳೆದು ಒರೆಸಿ ಇಡಬಹುದಾ?

ಮೊದಲು ಫೋಟೋಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ನಿಮಗೆ ಬೇಕಾದ ಸಣ್ಣ ಗೆರೆಗಳೇ ಅಳಿಸಿಹೋಗುತ್ತವೆ. ಆಮೇಲೆ ಲಿಪಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಅಂಚು ನೋಡಿ, ತೂತು ನೋಡಿ. ಕಲ್ಲನ್ನು ಯಾರಾದರೂ ಗುರುತಿಸುತ್ತಾರೆ. ಗೊಂದಲವಾಗುವುದು ಉಳಿದೆರಡರಲ್ಲಿ. ಎರಡೂ ಕಂದು ಬಣ್ಣದ ಉದ್ದನೆಯ ಪಟ್ಟಿ, ಎರಡಕ್ಕೂ ತೂತು ಇರುತ್ತದೆ.

ತಾಳೆಗರಿಯನ್ನು ದೊಡ್ಡದು ಮಾಡಿ ನೋಡಿದರೆ ಉದ್ದಕ್ಕೂ ಕೂದಲೆಳೆಯಂಥ ನಾರಿನ ಗೆರೆ ಕಾಣುತ್ತದೆ. ಮುರಿದ ತುದಿ ಎಳೆ ಎಳೆಯಾಗಿ ಬಿಟ್ಟುಕೊಂಡಿರುತ್ತದೆ. ಹುಳು ತಿಂದ ತೂತುಗಳು ಒಂದು ಗರಿಯಿಂದ ಅದರ ಕೆಳಗಿನ ಗರಿಗೂ ಅದೇ ಜಾಗದಲ್ಲಿ ಇಳಿದಿರುತ್ತವೆ. ತಾಮ್ರಪಟದಲ್ಲಿ ನಾರಿರುವುದಿಲ್ಲ. ಅಲ್ಲಲ್ಲಿ ಹಸಿರು ಕಿಲುಬು ಇರುತ್ತದೆ, ಬಹಳಷ್ಟರಲ್ಲಿ ಅಂಚನ್ನು ತಟ್ಟಿ ಸ್ವಲ್ಪ ಮೇಲೆತ್ತಿರುತ್ತಾರೆ. ಒಂದರ ಮೇಲೊಂದು ಇಟ್ಟಾಗ ಅಕ್ಷರ ಉಜ್ಜಿಹೋಗದಿರಲಿ ಎಂದು ಮಾಡಿದ್ದು ಅದು. ಓರೆ ಬೆಳಕಿನ ಫೋಟೋದಲ್ಲಿ ಅಂಚಿನುದ್ದಕ್ಕೂ ಹೊಳೆಯುವ ಒಂದು ಗೀಟು ಕಂಡರೆ ಬಹುಮಟ್ಟಿಗೆ ತಾಮ್ರವೇ. ಗರಿಯ ತೂತಿನಲ್ಲಿ ದಾರ ಹೋಗುತ್ತದೆ, ತಾಮ್ರದ ತೂತಿನಲ್ಲಿ ದಪ್ಪ ಬಳೆ. ಬಳೆಯ ಎರಡು ತುದಿ ಸೇರುವಲ್ಲಿ ಮುದ್ರೆ ಇರುತ್ತದೆ: ಬಾದಾಮಿ ಚಾಲುಕ್ಯರದಾದರೆ ವರಾಹ, ಗಂಗರದಾದರೆ ಆನೆ.

ಇನ್ನು ಗರಿಯ ವಿಚಾರ. ನಮ್ಮ ಕಡೆ ಹೆಚ್ಚಿನ ಗರಿಗಳಲ್ಲಿ ಕಬ್ಬಿಣದ ಕಂಟದಿಂದ ಗೀರಿ ಬರೆದು, ಆಮೇಲೆ ಮಸಿ ತೀಡಿರುತ್ತಾರೆ. ಮಸಿ ಹೋದ ಗರಿ ಫೋಟೋದಲ್ಲಿ ಖಾಲಿಯಾಗಿ ಕಾಣುತ್ತದೆ. “ಬರೀ ಎಲೆ, ಏನೂ ಬರೆದಿಲ್ಲ” ಅಂತ ಯಾರಾದರೂ ಎಸೆಯುವ ಮುಂಚೆ, ಪಕ್ಕದಿಂದ ಟಾರ್ಚ್ ಹಿಡಿದು ಇನ್ನೊಂದು ಫೋಟೋ ತೆಗೆಸಿ. ಗೀರು ಇದ್ದರೆ ನೆರಳು ಬೀಳುತ್ತದೆ. ಎಲ್ಲವೂ ಗೀರಿದ್ದೇ ಎಂದುಕೊಳ್ಳಬೇಡಿ. ಮೂಡುಬಿದಿರೆಯಲ್ಲಿರುವ ಧವಲಾ ಎಂಬ ಜೈನ ಗ್ರಂಥದ ಪ್ರತಿಗಳು ತಾಳೆಗರಿಯ ಮೇಲೆ ಶಾಯಿಯಲ್ಲಿ ಬರೆದವು. ಅಂಥದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೇ ಬಟ್ಟೆಗೆ ಬರುತ್ತದೆ.

ವಿವರ ಬರೆಯುವಾಗ “ಹಳೇ ಓಲೆಕಟ್ಟು, 1” ಅಂತ ಬರೆದರೆ ಉಪಯೋಗವಿಲ್ಲ. ಒಂದು ಮಾದರಿ ಕೊಡುತ್ತೇನೆ: “ಶ್ರೀತಾಳೆ. 42 × 4.5 ಸೆಂ.ಮೀ. ತೂತು 2. ಮರದ ಹಲಗೆ ಎರಡೂ ಇವೆ. ಈಗ ಇರುವ ಗರಿ 86. ಗರಿಯ ಮೇಲಿನ ಅಂಕಿ 1ರಿಂದ 90. 17, 18, 52, 53 ಇಲ್ಲ. ಪುಟಕ್ಕೆ 7 ಸಾಲು. ಕನ್ನಡ ಲಿಪಿ, ಸಂಸ್ಕೃತ ಭಾಷೆ. ಎಡ ಅಂಚು ಹುಳು ತಿಂದಿದೆ.” ಲಿಪಿ, ಭಾಷೆ ಬೇರೆ ಬೇರೆಯಾಗಿ ಬರೆಯಲೇಬೇಕು, ಎಲ್ಲರೂ ಎಡವುವುದು ಅಲ್ಲೇ. ಜೊತೆಗೆ ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಇದ್ದ ಹಾಗೆ ನಕಲು ಮಾಡಿ. ಕೊನೆಯಲ್ಲಿ ಬರೆದವನ ಹೆಸರು, ಸಂವತ್ಸರ ಇದ್ದರೆ ಅದನ್ನೂ ಸೇರಿಸಿ, ಇಸವಿಗೆ ಮಾತ್ರ ತಿರುಗಿಸಲು ಹೋಗಬೇಡಿ. ‘ಪ್ರಭವ’ ಎಂದಷ್ಟೇ ಇದ್ದರೆ ಅದು 1867 ಆಗಬಹುದು, 1927 ಆಗಬಹುದು, 1867ಕ್ಕೂ 60 ವರ್ಷ ಹಿಂದಿನದೂ ಆಗಬಹುದು. ಅದೂ ಪ್ರತಿ ಮಾಡಿದ ಕಾಲವೇ ಹೊರತು ಕೃತಿ ರಚನೆಯಾದ ಕಾಲವಲ್ಲ.

ಶುಚಿ ಮಾಡುವುದಾದರೆ ಒಣ ಮೆತ್ತನೆಯ ಬ್ರಷ್ ಸಾಕು, ನಡುವಿನಿಂದ ತುದಿಯ ಕಡೆಗೆ ಎಳೆಯಿರಿ. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವ ರೂಢಿ ಇದೆ. ಅದರಿಂದ ಗರಿ ಮೆತ್ತಗಾಗುತ್ತದೆ, ಹುಳುವೂ ದೂರ ಇರುತ್ತದೆ. ಆದರೆ ಗೀರಿ ಬರೆದ ಗರಿಗೆ ಮಾತ್ರ, ಹತ್ತಿಯಲ್ಲಿ ಅದ್ದಿ ಹಿಂಡಿ ತೆಳುವಾಗಿ ಸವರಬೇಕು. ಹೆಚ್ಚಾದರೆ ಧೂಳು ಹಿಡಿದು ಗರಿಗಳು ಅಂಟಿಕೊಳ್ಳುತ್ತವೆ. ಅಂಟಿಕೊಂಡ ಗರಿಗಳನ್ನು ಚಾಕು ತೂರಿಸಿ ಬಿಡಿಸಬೇಡಿ. ಮೇಲ್ಪದರ ಕಿತ್ತು ಪಕ್ಕದ ಗರಿಗೆ ಹೋಗುತ್ತದೆ, ಎರಡೂ ಹಾಳು. ಅದು ಸಂರಕ್ಷಣಾ ಪ್ರಯೋಗಾಲಯದ ಕೆಲಸ.

ತಾಮ್ರಪಟದಲ್ಲಿ ಮೊದಲು ಎಣಿಸಬೇಕಾದ್ದು ಬರೆದ ಬದಿಗಳು. ಮೂರು ಹಲಗೆಯ ಕಟ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕೇ ಬದಿಗಳಲ್ಲಿ ಬರಹ ಇರುತ್ತದೆ: ಒಂದನೆಯದರ ಒಳಬದಿ, ನಡುವಿನದರ ಎರಡೂ ಬದಿ, ಮೂರನೆಯದರ ಒಳಬದಿ. ಹೊರಬದಿ ಉಜ್ಜಿಹೋಗುವುದರಿಂದ ಖಾಲಿ ಬಿಡುತ್ತಿದ್ದರು. ಹಾಗಾಗಿ ನಿಮಗೆ ಬಂದ ಎರಡು ಹಲಗೆಗಳಲ್ಲಿ ಒಂದರ ಎರಡೂ ಬದಿ ತುಂಬಿದ್ದರೆ, ಇನ್ನೊಂದು ಹಲಗೆ ಕಳೆದಿರಬಹುದು ಅಂತ ಪಟ್ಟಿಯಲ್ಲೇ ಬರೆಯಿರಿ. ವಿಜಯನಗರದ ಬಹಳಷ್ಟು ಪಟಗಳಲ್ಲಿ ಪಠ್ಯವೆಲ್ಲ ನಂದಿನಾಗರಿ ಲಿಪಿಯಲ್ಲಿದ್ದು ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಅಕ್ಷರದಲ್ಲಿರುತ್ತದೆ. ಅದು ಸಿಕ್ಕರೆ ಕೊನೆ ಹಲಗೆ ಕೈಯಲ್ಲಿದೆ ಎಂದರ್ಥ. ಪ್ರತಿ ಹಲಗೆಯ ಅಳತೆ, ತೂಕ, ಸಾಲಿನ ಸಂಖ್ಯೆ, ಮುದ್ರೆಯ ಚಿತ್ರ, ಬಳೆ ಕತ್ತರಿಸಿದೆಯೋ ಇಲ್ಲವೋ, ಇವಿಷ್ಟನ್ನು ಬರೆದುಕೊಳ್ಳಿ. ಕತ್ತರಿಸದ ಬಳೆಯನ್ನು ಫೋಟೋಗೋಸ್ಕರ ಕತ್ತರಿಸಬೇಡಿ. ಇವೇ ಹಲಗೆಗಳು ಒಟ್ಟಿಗಿದ್ದವು ಎನ್ನಲು ಅದೇ ಸಾಕ್ಷಿ.

ಹುಣಸೆಹಣ್ಣಿನಲ್ಲಿ ಬೆಳಗಿದ ತಾಮ್ರಪಟದಷ್ಟು ಹೊಟ್ಟೆ ಉರಿಸುವಂಥದ್ದು ಇನ್ನೊಂದಿಲ್ಲ. ಹುಳಿ ಕಿಲುಬನ್ನಷ್ಟೇ ತೆಗೆಯುವುದಿಲ್ಲ, ಅದರ ಜೊತೆ ಮೇಲ್ಮೈಯೂ ಹೋಗುತ್ತದೆ, ತೆಳುವಾಗಿ ಕೊರೆದ ಅಕ್ಷರ ಶಾಶ್ವತವಾಗಿ ಮಾಸುತ್ತದೆ. ಗಟ್ಟಿಯಾಗಿ ಕೂತ ಕಡುಹಸಿರು ಪದರ ಇದ್ದರೆ ಇರಲಿ, ಹೆದರಬೇಕಿಲ್ಲ. ತಿಳಿಹಸಿರು ಪುಡಿ ಉದುರುತ್ತಿದ್ದು, ಬ್ರಷ್ ಮಾಡಿದ ಮೇಲೂ ಮತ್ತೆ ಬರುತ್ತಿದ್ದರೆ ಅದು ಕ್ಲೋರೈಡ್‌ನಿಂದ ಲೋಹ ತಿನ್ನಿಸಿಕೊಳ್ಳುತ್ತಿರುವ ಲಕ್ಷಣ. ತೇವ ಇರುವವರೆಗೂ ಅದು ನಿಲ್ಲುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಟ್ಟು ತಜ್ಞರಿಗೆ ತೋರಿಸಿ. ಅದೇ ಡಬ್ಬದಲ್ಲಿ ತಾಳೆಗರಿ ಇಡಬೇಡಿ. ತಾಮ್ರಕ್ಕೆ ಬೇಕಾದಷ್ಟು ಒಣಹವೆಯಲ್ಲಿ ಗರಿ ಸೆಡೆತು ಮುರಿಯುತ್ತದೆ. ಗರಿಕಟ್ಟನ್ನು ಮರದ ಹಲಗೆಗಳ ನಡುವೆ ಇಟ್ಟು, ಹತ್ತಿ ಬಟ್ಟೆ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ.

ಕಲ್ಲಿಗೆ ಬಂದರೆ, ಮೇಲ್ಗಡೆ ಸೂರ್ಯ ಚಂದ್ರ, ಲಿಂಗ, ಹಸು ಕರು ಇದ್ದರೆ ಹೆಚ್ಚಾಗಿ ದಾನಶಾಸನ. ಪಟ್ಟಿ ಪಟ್ಟಿಯಾಗಿ ಕಾಳಗ, ಅಪ್ಸರೆಯರು, ಸ್ವರ್ಗ ಇದ್ದರೆ ವೀರಗಲ್ಲು. ಬಹಳ ಸಲ ವೀರಗಲ್ಲಿನ ಬರಹ ಚಿತ್ರಗಳ ನಡುವಿನ ಅಡ್ಡಪಟ್ಟಿಯಲ್ಲಿ ಅಡಗಿರುತ್ತದೆ. ಫೋಟೋ ನಡುಮಧ್ಯಾಹ್ನ ತೆಗೆಯಬೇಡಿ, ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ. ಬಿಸಿಲು ಬೀಳದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಬಹುತೇಕ ಒರಗಿಸಿದಂತೆ ಹಿಡಿದು, ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ತೆಗೆಯಿರಿ. ಪಕ್ಕದ ಮೈಗಳನ್ನೂ ಬಿಡಬೇಡಿ. ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ 15 ಮುಂದೆ ಇವೆ, ಕೊನೆಯದು ಕಂಬದ ಎಡ ಮೈಮೇಲಿದೆ. ಮುಂದಿನಿಂದಷ್ಟೇ ಫೋಟೋ ತೆಗೆದವರಿಗೆ ಆ ಸಾಲು ಸಿಗುವುದೇ ಇಲ್ಲ.

ಅಕ್ಷರ ಕಾಣಲಿ ಅಂತ ಬಣ್ಣ ತುಂಬಬೇಡಿ. ತುಂಬುವವನು ತಾನು ಓದಿದ ಹಾಗೆ ತುಂಬುತ್ತಾನೆ, ಆಮೇಲೆ ಬಂದವರೆಲ್ಲ ಅವನ ತಪ್ಪನ್ನೇ ಓದುತ್ತಾರೆ. ಆಸಿಡ್, ತಂತಿ ಬ್ರಷ್ ಎರಡೂ ಬೇಡ. ನೀರು, ನೈಲಾನ್ ಬ್ರಷ್ ಸಾಕು, ಅದೂ ಕಲ್ಲು ಹೆಕ್ಕಳಿಕೆ ಏಳದೆ ಗಟ್ಟಿ ಇದ್ದರೆ ಮಾತ್ರ. ಬಿದ್ದ ಕಲ್ಲನ್ನು ಸಿಮೆಂಟಿನಲ್ಲಿ ನಿಲ್ಲಿಸಿದರೆ ಕೆಳಗಿನ ಸಾಲುಗಳು ಹೂತುಹೋಗುತ್ತವೆ. ಜೊತೆಗೆ ಸಿಮೆಂಟಿನ ಉಪ್ಪು ತೇವದೊಂದಿಗೆ ಮೇಲೇರಿ, ಒಣಗಿದಲ್ಲಿ ಕಲ್ಲಿನ ಮೈ ಪುಡಿಯಾಗುತ್ತದೆ. ಕಲ್ಲು ನಿಲ್ಲಿಸಲೇಬೇಕಿದ್ದರೆ ಬರಹ ಇಲ್ಲದ ಬುಡದ ಭಾಗವನ್ನಷ್ಟೇ ಗುಂಡಿಗಿಳಿಸಿ, ಸುತ್ತ ಜಲ್ಲಿ, ಮರಳು ತುಂಬಿ. ಸ್ಥಳ ಬದಲಿಸುವ ಮುಂಚೆ ಮೂಲ ಜಾಗದ ಜಿಪಿಎಸ್, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ಬರೆದುಕೊಂಡು, ಪುರಾತತ್ವ ಇಲಾಖೆಗೆ ತಿಳಿಸಿ.